ಅಳಿಸಿದ್ದು ಸೊನ್ನೆ: ಸರಿಯಾಗಿದೆಯೋ, ಕೆಟ್ಟಿದೆಯೋ?

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬಂದುಹೋಗುವವರ ಹೆಸರು, ಫೋನ್ ನಂಬರುಗಳನ್ನು ಸೆಕ್ಯೂರಿಟಿಯವರು ಈಗ ಮೊಬೈಲಿನಲ್ಲೇ ತುಂಬಿಕೊಳ್ಳುತ್ತಾರೆ. ಒಂದು ಕಡೆ ಈ ವಿವರಗಳನ್ನು 90 ದಿನ ಇಟ್ಟು, ಆಮೇಲೆ ಅಳಿಸುವ ನಿಯಮವಿದೆ ಎಂದುಕೊಳ್ಳಿ. ಅಳಿಸುವ ಪ್ರೋಗ್ರಾಂ ದಿನವೂ ರಾತ್ರಿ ಎರಡು ಗಂಟೆಗೆ ತಾನಾಗಿ ಓಡುತ್ತದೆ. ಬೆಳಿಗ್ಗೆ ಲಾಗ್ ನೋಡಿದರೆ ದೋಷವೇನೂ ಇಲ್ಲ, ಅಳಿಸಿದ ದಾಖಲೆಗಳು 0.

ವ್ಯವಸ್ಥೆ ಶುರುವಾಗಿ ಎರಡೇ ತಿಂಗಳಾಗಿದ್ದರೆ ಈ ಸೊನ್ನೆ ಸರಿ. 90 ದಿನ ದಾಟಿದ ದಾಖಲೆಯೇ ಅಲ್ಲಿಲ್ಲ. ಆದರೆ ಆರು ತಿಂಗಳಾದ ಮೇಲೂ ಸೊನ್ನೆಯೇ ಬರುತ್ತಿದ್ದರೆ ಲೆಕ್ಕ ಬೇರೆ. ದಿನವೂ ಅಳಿಸುವ ಕಡೆ ಇಂದು ಹೋಗಬೇಕಾದದ್ದು ಸುಮಾರು ಮೂರು ತಿಂಗಳ ಹಿಂದಿನ ಒಂದು ದಿನ ಬಂದವರ ದಾಖಲೆ. ಆ ದಿನ ಗೇಟಿಗೆ ಯಾರೂ ಬರಲೇ ಇಲ್ಲವೇ? ಕೊರಿಯರ್‌ನವರೂ ಬರಲಿಲ್ಲವೇ?

ನನ್ನ ಮಟ್ಟಿಗೆ ಮೊದಲ ಅನುಮಾನ ಹೋಗುವುದು ಸಮಯದ ಅಳತೆಯ ಮೇಲೆ. ಕಂಪ್ಯೂಟರ್ ಸಮಯವನ್ನು 1970ರ ಜನವರಿ 1ರಿಂದ ಎಣಿಸುವುದು ರೂಢಿ. ಕೆಲವು ಪ್ರೋಗ್ರಾಂಗಳು ಸೆಕೆಂಡಿನಲ್ಲಿ ಎಣಿಸುತ್ತವೆ, ಕೆಲವು ಮಿಲಿಸೆಕೆಂಡಿನಲ್ಲಿ. ಗೇಟಿನ ಆ್ಯಪ್ ಮಿಲಿಸೆಕೆಂಡ್ ಬರೆದಿಟ್ಟಿದೆ, ಅಳಿಸುವವನು ಸೆಕೆಂಡಿನ ಗಡಿ ಹಾಕಿದ್ದಾನೆ:

```
DELETE FROM visitors WHERE entry_at < 1735689600;
```

ಈ ಸಂಖ್ಯೆ ಸೆಕೆಂಡಾದರೆ 2025ರ ಜನವರಿ 1. ಮಿಲಿಸೆಕೆಂಡ್ ಎಂದು ಓದಿದರೆ 1970ರ ಜನವರಿ 21! ಅದಕ್ಕೂ ಮೊದಲು ಗೇಟಿಗೆ ಬಂದವರನ್ನು ಪ್ರೋಗ್ರಾಂ ಪ್ರತಿ ರಾತ್ರಿ ನಿಷ್ಠೆಯಿಂದ ಹುಡುಕುತ್ತಿದೆ. ಯಾರೂ ಸಿಗುವುದಿಲ್ಲ, ದೋಷವೂ ಕಾಣುವುದಿಲ್ಲ.

ಹಾಗಾಗಿ ಎಷ್ಟು ಅಳಿಸಿತು ಎಂದು ಕೇಳಿ ಪ್ರಯೋಜನವಿಲ್ಲ. ಉಳಿದಿರುವುದರಲ್ಲಿ ಅತಿ ಹಳೆಯದು ಯಾವುದು ಎಂದು ಕೇಳಬೇಕು. ಅದೂ ಅಳಿಸುವ ಪ್ರೋಗ್ರಾಮಿನ ಷರತ್ತನ್ನು ಎರವಲು ಪಡೆಯದೆ:

```
SELECT MIN(entry_at), COUNT(*), COUNT(entry_at)
FROM visitors;
```

ಮೊದಲ ಉತ್ತರವನ್ನು ದಿನಾಂಕಕ್ಕೆ ತಿರುಗಿಸಿ ನೋಡಿದಾಗ ಅದು 90 ದಿನದ ಒಳಗಿದ್ದರೆ ಸೊನ್ನೆಯನ್ನು ನಂಬಬಹುದು. ಆದರೆ ಇಲ್ಲೂ ಒಂದು ತೂತಿದೆ. ಸಮಯದ ಜಾಗ ಖಾಲಿ ಉಳಿದ ದಾಖಲೆ, ಅಂದರೆ `NULL`, ಯಾವ ಗಡಿಗಿಂತಲೂ ಹಿಂದಿನದು ಎನಿಸಿಕೊಳ್ಳದು. ಆದ್ದರಿಂದ ಎಂದೂ ಅಳಿಯದು. `MIN` ಕೂಡ ಅದನ್ನು ಬಿಟ್ಟೇ ಲೆಕ್ಕ ಹಾಕುತ್ತದೆ. ಎರಡು ಎಣಿಕೆಗಳನ್ನು ಕೇಳಿದ್ದು ಅದಕ್ಕೇ: `COUNT(*)` ಎಲ್ಲವನ್ನೂ ಎಣಿಸುತ್ತದೆ, `COUNT(entry_at)` ಸಮಯ ಇರುವವನ್ನು ಮಾತ್ರ. ಎರಡರ ನಡುವೆ ವ್ಯತ್ಯಾಸ ಬಂದರೆ ಅಷ್ಟು ದಾಖಲೆಗಳು ನಿಯಮದ ಕಣ್ಣಿಗೆ ಬೀಳದೆ ಕೂತಿವೆ.

ತಪ್ಪು ಸಿಕ್ಕಿತೆಂದು ಅವಸರದಲ್ಲಿ ಗಡಿಯ ಕೊನೆಗೆ ಮೂರು ಸೊನ್ನೆ ಸೇರಿಸಿ ಅಂದೇ ರಾತ್ರಿ ಓಡಲು ಬಿಡಬಾರದು. ತಿಂಗಳುಗಟ್ಟಲೆ ಸೇರಿದ್ದೆಲ್ಲ ಒಮ್ಮೆಲೇ ಅಳಿಯಲು ಹೊರಟು, ಗೇಟಿನ ಆ್ಯಪೇ ನಿಂತುಹೋಗಬಹುದು. ಹೊಸ ಷರತ್ತಿಗೆ ಎಷ್ಟು ದಾಖಲೆ ಸಿಗುತ್ತವೆ ಎಂದು ಮೊದಲು ಎಣಿಸಿ, ನಾಲ್ಕಾರನ್ನು ತೆರೆದು ದಿನಾಂಕ ನೋಡಿ, ಆಮೇಲೆ ಸಾವಿರ ಸಾವಿರದಂತೆ ಕಂತಿನಲ್ಲಿ ಅಳಿಸುವುದು ಕ್ಷೇಮ.