ಕಾಫಿ ಕಹಿಯಾದರೆ ಪುಡಿಯನ್ನೇ ಬೈಯಬೇಡಿ

ಕೋಲಾರದಲ್ಲಿ ನಮ್ಮ ಅಬ್ಬಾ ಅವರದು ಒಂದು ಚಿಕ್ಕ ಜೆರಾಕ್ಸ್ ಅಂಗಡಿ. ಚಾಚಾ ದುಬೈಯಿಂದ ತಂದುಕೊಟ್ಟ ಡ್ರಿಪ್ ಕಾಫಿ ಮೇಕರ್ ಅದರ ಮೂಲೆಯಲ್ಲಿದೆ. ಜೆರಾಕ್ಸ್‌ಗೆ ಕಾಯುವವರು ಹತ್ತು ರೂಪಾಯಿ ಕೊಟ್ಟು ಒಂದು ಕಪ್ ಕಾಫಿ ಕುಡಿಯುತ್ತಾರೆ. ದಿನಕ್ಕೆ ಬರುವ ನೂರು ನೂರೈವತ್ತು ರೂಪಾಯಿ ನನ್ನ ಬಸ್ ಪಾಸಿಗೂ ನೋಟ್ಸ್‌ಗೂ ಆಗುತ್ತದೆ.

ಈಚೆಗೆ ಆ ಮೆಷಿನ್ ತುಂಬಾ ನಿಧಾನವಾಯಿತು. ಎಂಟು ಕಪ್‌ಗೆ ಮೊದಲು ಒಂಬತ್ತು ನಿಮಿಷ ಸಾಕಾಗುತ್ತಿತ್ತು, ಈಗ ಇಪ್ಪತ್ತು ನಿಮಿಷ ಬೇಕು. ಕಾಫಿಯೂ ಕಹಿ. ಅಬ್ಬಾ ಮೊದಲು ಪುಡಿ ಬದಲಿಸಿದರು, ಆಮೇಲೆ ಸಕ್ಕರೆ ಹೆಚ್ಚಿಸಿದರು. ಕೊನೆಗೆ "ಹೊಸದು ತರೋಣ ಬೇಟಾ, ಇದರ ಆಯಸ್ಸು ಮುಗೀತು" ಅಂದರು. ಹೊಸದಕ್ಕೆ ಎರಡೂವರೆ ಸಾವಿರ ರೂಪಾಯಿ. ನಾನು ಒಂದು ಭಾನುವಾರದ ಸಮಯ ಕೇಳಿದೆ.

ನಮ್ಮ ಬೀದಿಯಲ್ಲಿ ಗೀಸರ್ ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರನ್ನು ಕೇಳಿದಾಗ ಒಂದು ಹಳೆಯ ಕಾಯಿಲ್ ತಂದು ತೋರಿಸಿದರು. ಅದರ ಮೇಲೆ ಗೋಡೆಯ ಗಾರೆಯಂತೆ ಬಿಳಿ ಪದರ ಕಟ್ಟಿತ್ತು. "ನಿಮ್ಮ ಕಾಫಿ ಮೆಷಿನ್ ಒಳಗೂ ಇದೇ ಇರುತ್ತೆ" ಅಂದರು.

ಇದು ಅರ್ಥವಾಗಬೇಕಾದರೆ ಮೆಷಿನ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಇಂಥ ಸಾಮಾನ್ಯ ಮೆಷಿನ್‌ನಲ್ಲಿ ಪಂಪ್ ಇರುವುದಿಲ್ಲ. ಟ್ಯಾಂಕಿನ ನೀರು ಕೆಳಗಿನ ಒಂದು ಸಣ್ಣ ಕೊಳವೆಗೆ ಇಳಿಯುತ್ತದೆ. ಆ ಕೊಳವೆಗೆ ಹೀಟರ್ ಅಂಟಿಕೊಂಡಿರುತ್ತದೆ. ನೀರು ಅಲ್ಲಿ ಕುದಿದಾಗ ಏಳುವ ಆವಿಯ ಗುಳ್ಳೆಗಳೇ ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ. ಮೇಲೆ ಸಣ್ಣ ತೂತುಗಳಿರುವ ಷವರ್ ಇದೆ. ನೀರು ಅದರಿಂದ ಪುಡಿಯ ಮೇಲೆ ಹರಡಿ ಬಿದ್ದು, ಸೋಸಿ ಜಗ್ಗಿಗೆ ಇಳಿಯುತ್ತದೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್, ಕಾಯಿಸಿದಾಗ ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಬಿಸಿಯಾದ ಜಾಗದಲ್ಲೇ ಅಂಟಿಕೊಳ್ಳುತ್ತದೆ. ಕೊಳವೆಯ ಒಳಗೆ ಈ ಸುಣ್ಣದ ಪದರ ಕಟ್ಟಿದರೆ ಎರಡು ತೊಂದರೆ: ದಾರಿ ಕಿರಿದಾಗುತ್ತದೆ, ಹೀಟರಿನ ಬಿಸಿ ನೀರಿಗೆ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಮೆಷಿನ್ ನಿಧಾನ.

ಕಹಿ ಯಾಕೆ? ಬಿಸಿನೀರು ಪುಡಿಯಲ್ಲಿ ಹೆಚ್ಚು ಹೊತ್ತು ನಿಂತರೆ ಒಳ್ಳೆಯ ರುಚಿಯ ಹಿಂದೆಯೇ ಕಹಿ ಅಂಶವೂ ಇಳಿದುಬರುತ್ತದೆ. ಷವರಿನ ಅರ್ಧ ತೂತು ಮುಚ್ಚಿದ್ದರೆ ಇನ್ನೂ ಕಷ್ಟ. ನೀರೆಲ್ಲ ಒಂದೇ ಕಡೆ ಬಿದ್ದು ಅಲ್ಲಿಯ ಪುಡಿಯಿಂದ ಕಹಿಯನ್ನೂ ಹಿಂಡುತ್ತದೆ, ಪಕ್ಕದ ಪುಡಿ ಒಣಗಿಯೇ ಇರುತ್ತದೆ. ಅದಕ್ಕೇ ಕಾಫಿ ಕಹಿಯೂ ಹೌದು, ನೀರುನೀರೂ ಹೌದು. ನಾನು ಬುಟ್ಟಿ ತೆಗೆದು ನೋಡಿದಾಗ ಪುಡಿಯ ನಡುವೆ ಒಂದೇ ಗುಂಡಿ ಬಿದ್ದಿತ್ತು, ಅಂಚಿನ ಪುಡಿ ಒದ್ದೆಯೇ ಆಗಿರಲಿಲ್ಲ.

ಆದರೆ ಸುಣ್ಣವೇ ಕಾರಣ ಎಂದು ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಪುಡಿ ಹಾಕದೆ, ಬುಟ್ಟಿ ಖಾಲಿ ಇಟ್ಟು, ಬರೀ ನೀರು ಓಡಿಸಿ ಸಮಯ ನೋಡಿ. ಬರೀ ನೀರು ಬೇಗ ಇಳಿದು, ಪುಡಿ ಹಾಕಿದಾಗ ಮಾತ್ರ ನಿಧಾನವಾದರೆ ತಪ್ಪು ಮೆಷಿನ್‌ನದಲ್ಲ. ನಮ್ಮ ಫಿಲ್ಟರ್ ಕಾಫಿ ಪುಡಿ ಬಹಳ ನುಣುಪು, ಅದರಲ್ಲಿ ಚಿಕೋರಿಯೂ ಇರುತ್ತದೆ. ಅದು ಪೇಪರ್ ಫಿಲ್ಟರನ್ನು ಕಟ್ಟಿಹಾಕುತ್ತದೆ. ಆಗ ಸ್ವಲ್ಪ ತರಿಯಾದ ಪುಡಿ ಕೇಳಬೇಕು. ನಮ್ಮ ಮೆಷಿನ್‌ನಲ್ಲಿ ಬರೀ ನೀರಿಗೇ ಹದಿನೆಂಟು ನಿಮಿಷ ಹಿಡಿಯಿತು. ಹಾಗಾದರೆ ಸುಣ್ಣವೇ.

ಮೊದಲು ಷವರ್. ಪ್ಲಗ್ ತೆಗೆದು, ಮೆಷಿನ್ ಪೂರ್ತಿ ಆರಲು ಬಿಟ್ಟೆ. ಕೆಲವು ಮೆಷಿನ್‌ಗಳಲ್ಲಿ ಷವರ್ ಕಳಚಿ ಬರುತ್ತದೆ, ನಮ್ಮದರಲ್ಲಿ ಬರಲಿಲ್ಲ. ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ತೂತುಗಳ ಮೇಲೆ ಅರ್ಧ ಗಂಟೆ ಒತ್ತಿಟ್ಟೆ. ಸಣ್ಣ ನೊರೆ ಬಂತು, ಅದು ಸುಣ್ಣ ಕರಗುತ್ತಿರುವ ಗುರುತು. ಮೆತ್ತಗಾದ ಮೇಲೆ ಹಲ್ಲುಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿದೆ.

ಆಮೇಲೆ ಕೊಳವೆ. ಅಮ್ಮಿ ಹಾಲು ಒಡೆದು ಪನೀರ್ ಮಾಡಲು ಬಳಸುವ ಸಿಟ್ರಿಕ್ ಆಸಿಡ್ ಸಾಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ, ಪೂರ್ತಿ ಕರಗಿಸಿ ಟ್ಯಾಂಕಿಗೆ ಹಾಕಿದೆ. ಉದುರುವ ಚೂರುಗಳನ್ನು ಹಿಡಿಯಲು ಬುಟ್ಟಿಯಲ್ಲಿ ಒಂದು ಪೇಪರ್ ಫಿಲ್ಟರ್ ಇಟ್ಟೆ. ಸಿಟ್ರಿಕ್ ಆಸಿಡ್ ಇಲ್ಲದಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಎರಡು ಪಾಲು ಸೇರಿಸಬಹುದು. ಅದರ ವಾಸನೆ ಹೋಗಲು ಮಾತ್ರ ಹೆಚ್ಚು ಸಲ ತೊಳೆಯಬೇಕು.

ಬಹಳ ಜನ ತಪ್ಪುವುದು ಇಲ್ಲೇ. ದ್ರಾವಣವನ್ನು ಒಂದೇ ಉಸಿರಿಗೆ ಓಡಿಸಿ ಮುಗಿಸುತ್ತಾರೆ. ಆಸಿಡ್‌ಗೆ ಸುಣ್ಣ ಕರಗಿಸಲು ಸಮಯ ಬೇಕು. ಅರ್ಧದಷ್ಟು ಇಳಿದ ಕೂಡಲೇ ಸ್ವಿಚ್ ಆರಿಸಿ ಅರ್ಧ ಗಂಟೆ ಬಿಡಬೇಕು. ಆಗ ದ್ರಾವಣ ಕೊಳವೆಯೊಳಗೇ ನಿಂತು ಕೆಲಸ ಮಾಡುತ್ತದೆ. ಆಮೇಲೆ ಉಳಿದದ್ದನ್ನು ಓಡಿಸಿ ಚೆಲ್ಲಬೇಕು. ಕೊನೆಗೆ ಬರೀ ನೀರು ಎರಡು ಮೂರು ಟ್ಯಾಂಕ್ ಓಡಿಸಿ, ಜಗ್ಗಿನ ನೀರನ್ನು ನಾಲಿಗೆಗೆ ಒಂದು ಹನಿ ಮುಟ್ಟಿಸಿ ನೋಡಿ. ಹುಳಿ ಇದ್ದರೆ ಇನ್ನೊಮ್ಮೆ ಓಡಿಸಿ.

ಮೊದಲ ಸುತ್ತಿನ ನಂತರ ನಮ್ಮ ಮೆಷಿನ್ ಬರೀ ನೀರಿಗೆ ಹನ್ನೆರಡು ನಿಮಿಷಕ್ಕೆ ಬಂತು. ಪೇಪರ್ ಮೇಲೆ ಬಿಳಿ ಚೂರುಗಳಿದ್ದವು. ಹೊಸ ದ್ರಾವಣದಿಂದ ಎರಡನೇ ಸುತ್ತು ಮಾಡಿದ ಮೇಲೆ ಒಂಬತ್ತು ನಿಮಿಷ. ಎರಡು ಸುತ್ತಿನ ನಂತರವೂ ಸಮಯ ಸ್ವಲ್ಪವೂ ಇಳಿಯದಿದ್ದರೆ ಹೀಟರ್ ಅಥವಾ ಒಳಗಿನ ವಾಲ್ವ್ ಕೆಟ್ಟಿರಬಹುದು. ಅದನ್ನು ನಾವು ಬಿಚ್ಚಬಾರದು, ರಿಪೇರಿಯವರಿಗೇ ಕೊಡಬೇಕು.

ಎರಡು ಎಚ್ಚರಿಕೆ ಹೇಳಲೇಬೇಕು. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಲೇಬೇಡಿ. ಅದು ಅಲ್ಯೂಮಿನಿಯಂ ಕೊಳವೆಯನ್ನೇ ತಿನ್ನುತ್ತದೆ, ನಾವು ಕುಡಿಯುವ ಮೆಷಿನ್ ಬೇರೆ. ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಜೊತೆ ಬ್ಲೀಚ್ ಸೇರಿಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಬುಟ್ಟಿ ಮತ್ತು ಜಗ್ಗಿನಲ್ಲಿರುವ ಕಂದು ಜಿಡ್ಡು ಕಾಫಿಯ ಎಣ್ಣೆ. ಅದೂ ಕಹಿ ಕೊಡುತ್ತದೆ, ಆದರೆ ಈ ಆಸಿಡ್‌ಗೆ ಹೋಗುವುದಿಲ್ಲ. ಪಾತ್ರೆ ತೊಳೆಯುವ ಸೋಪಿನಿಂದ ದಿನವೂ ಉಜ್ಜಬೇಕು. ಮಾಡಿದ ಕಾಫಿಯನ್ನು ಬಿಸಿ ತಟ್ಟೆಯ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಬಿಟ್ಟರೂ ಕಹಿಯಾಗುತ್ತದೆ, ಫ್ಲಾಸ್ಕಿಗೆ ಸುರಿಯುವುದು ಮೇಲು.

ಅಬ್ಬಾ ಈಗ ರಾತ್ರಿ ಕುದಿಸಿ ಇಟ್ಟ ನೀರಿನ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕುತ್ತಾರೆ. ಕುದಿಸಿದಾಗ ಸುಣ್ಣದ ಬಹುಭಾಗ ಪಾತ್ರೆಯ ತಳದಲ್ಲೇ ಕೂರುತ್ತದೆ. ತಿಂಗಳ ಮೊದಲ ಭಾನುವಾರ ಸುಣ್ಣ ಬಿಡಿಸುವ ಕೆಲಸ ನನ್ನದು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಎರಡೂವರೆ ಸಾವಿರದ ಹೊಸ ಆಸ್ತಿ ಬರೆಯಬೇಕಾದ ಕಡೆ, ರಿಪೇರಿ ಖರ್ಚು ಮೂವತ್ತು ರೂಪಾಯಿ ಎಂದು ನಾನೇ ಬರೆದೆ.