ಹಾಸಿಗೆ ಹಿಡಿದವರ ಬೆನ್ನಹುಣ್ಣು: ತಡೆಯುವ ಕೆಲಸ ಹೊಟ್ಟೆಯಿಂದ ಶುರು

ಹಾಸಿಗೆ ಹಿಡಿದವರ ಮೈಯಲ್ಲಿ ಹುಣ್ಣು ಹೆಚ್ಚಾಗಿ ಏಳುವುದು ಸೊಂಟದ ಕೆಳಗೆ, ಪೃಷ್ಠಗಳ ನಡುವಿನ ಮೂಳೆಯ ಮೇಲೆ. ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಕಾಲಿನ ಗಿಣ್ಣುಗಳಲ್ಲೂ ಏಳುತ್ತದೆ. ಇಲ್ಲೆಲ್ಲ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸ ಕಡಿಮೆ. ಮೈಭಾರ ಒಂದೇ ಕಡೆ ಬಿದ್ದಾಗ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ಆರೋಗ್ಯವಂತರು ನಿದ್ದೆಯಲ್ಲೂ ಹೊರಳುತ್ತಾರೆ. ಹೊರಳಲಾಗದವರ ಚರ್ಮ ಕೆಲವೇ ಗಂಟೆಗಳಲ್ಲಿ ರಕ್ತವಿಲ್ಲದೆ ಸಾಯತೊಡಗುತ್ತದೆ. ಆ ಚರ್ಮ ಮಲಮೂತ್ರದಲ್ಲಿ ನೆನೆದಿದ್ದರೆ, ಮೈಗೆ ಪೌಷ್ಟಿಕ ಆಹಾರ ಸಿಗದಿದ್ದರೆ ಇನ್ನೂ ಬೇಗ. ಆದ್ದರಿಂದ ಹುಣ್ಣನ್ನು ತಡೆಯುವ ಕೆಲಸದಲ್ಲಿ ಮಗ್ಗುಲು ಬದಲಿಸುವುದರಷ್ಟೇ ಪಾಲು ಊಟಕ್ಕೂ ಹೊಟ್ಟೆ ಸರಿಯಾಗಿ ಹೋಗುವುದಕ್ಕೂ ಇದೆ.

ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ, 50 ಕಿಲೋ ತೂಕದ ಒಬ್ಬ ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ ಎಂದುಕೊಳ್ಳಬಹುದು. ಜೀರ್ಣವಾಗಲೆಂದು ಮನೆಯವರು ತೆಳ್ಳನೆಯ ಅಕ್ಕಿ ಗಂಜಿ ಕೊಡುತ್ತಾರೆ. ಹಾಸಿಗೆ ಒದ್ದೆಯಾದೀತೆಂದು ನೀರನ್ನೂ ಕಡಿಮೆ ಮಾಡುತ್ತಾರೆ. ನಾಲ್ಕು ದಿನ ಹೊಟ್ಟೆ ಹೋಗುವುದಿಲ್ಲ. ಆರನೆಯ ದಿನ ನೀರಿನಂಥ ಮಲ ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ಸೋರುತ್ತದೆ. ಭೇದಿ ಶುರುವಾಯಿತೆಂದು ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಮನೆ ಆರೈಕೆಯಲ್ಲಿ ಪದೇಪದೇ ಆಗುವ ತಪ್ಪು ಇದೇ.

ಅದು ಭೇದಿಯಲ್ಲ. ಗುದದ ಒಳಗೆ ಮಲ ಗಟ್ಟಿಯಾಗಿ ಕೂತಿದೆ. ಅದರ ಹಿಂದಿರುವ ತೆಳು ಮಲ ಪಕ್ಕದಿಂದ ಜಾರಿ ಹೊರಬರುತ್ತಿದೆ. ಮಾತ್ರೆ ಕೊಟ್ಟರೆ ಒಳಗಿನ ಗಟ್ಟಿ ಇನ್ನಷ್ಟು ಬಲಿಯುತ್ತದೆ, ಸೋರುವುದು ಮುಂದುವರಿದು ಕೆಳಗಿನ ಚರ್ಮ ಸುಡುತ್ತದೆ. ಗುರುತಿಸುವ ಬಗೆ ಕಷ್ಟವೇನಲ್ಲ: ಸೋರುವ ಮೊದಲು ಹಲವು ದಿನ ಹೊಟ್ಟೆ ಹೋಗಿರುವುದಿಲ್ಲ, ಬಂದದ್ದು ರೋಗಿಗೇ ಗೊತ್ತಾಗುವುದಿಲ್ಲ, ಹೊಟ್ಟೆ ಉಬ್ಬಿರುತ್ತದೆ, ಊಟ ಬೇಡವಾಗುತ್ತದೆ, ಕೆಲವೊಮ್ಮೆ ಮೂತ್ರವೂ ಕಟ್ಟುತ್ತದೆ. ಇಂಥಲ್ಲಿ ಡಾಕ್ಟರು ಅಥವಾ ನರ್ಸ್ ಪರೀಕ್ಷಿಸಿ ಸಪೋಸಿಟರಿ ಅಥವಾ ಎನಿಮಾ ಕೊಟ್ಟು ಮಲ ತೆಗೆಸಬೇಕು. ಕಲಿಯದವರು ಬೆರಳು ಹಾಕಿ ತೆಗೆಯಲು ಹೋಗಬಾರದು.

ಮತ್ತೆ ಹೀಗಾಗದಿರಲು ಹೊಟ್ಟೆಗೆ ಒಂದು ಹೊತ್ತು ಗೊತ್ತುಮಾಡಬೇಕು. ತಿಂಡಿ, ಬಿಸಿ ಪಾನೀಯ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಹಾಗಾಗಿ ಬೆಳಗಿನ ತಿಂಡಿಯಾದ 20-30 ನಿಮಿಷಕ್ಕೆ, ದಿನವೂ ಅದೇ ಹೊತ್ತಿಗೆ, ಹೊಟ್ಟೆ ಬರಲಿ ಬಿಡಲಿ, ಕೂರಿಸುವುದು ಒಳ್ಳೆಯದು. ಹಿಡಿದು ಕೂರಿಸಲು ಆಗುವಂತಿದ್ದರೆ ಬೆಡ್‌ಪ್ಯಾನ್‌ಗಿಂತ ಕಮೋಡ್ ಕುರ್ಚಿ ಎಷ್ಟೋ ಮೇಲು. ಪಾದದ ಕೆಳಗೆ ಗಿಡ್ಡ ಮಣೆ ಇಟ್ಟು, ಮೈ ತುಸು ಮುಂದೆ ಬಾಗಿಸಿ, ಬೀಳದಂತೆ ಪಕ್ಕದಲ್ಲೇ ನಿಲ್ಲಬೇಕು. ಹತ್ತು ಹದಿನೈದು ನಿಮಿಷ ಸಾಕು. ಹೆಚ್ಚು ಹೊತ್ತು ಕೂತರೆ ಆ ಒತ್ತಡದಿಂದಲೇ ಚರ್ಮ ಕೆಡುತ್ತದೆ. ಕೂರಲಾಗದವರನ್ನು ಎಡಮಗ್ಗುಲಿಗೆ ತಿರುಗಿಸಿ, ಮಂಡಿ ಮಡಿಸಿ, ಕೆಳಗೆ ಪ್ಯಾಡ್ ಹಾಸಬಹುದು.

ಔಷಧಿಗಳ ವೇಗ ಒಂದೇ ಅಲ್ಲ. ಬಿಸಾಕೊಡಿಲ್ ಸಪೋಸಿಟರಿ 15 ನಿಮಿಷದಿಂದ ಒಂದು ಗಂಟೆಯೊಳಗೆ ಕೆಲಸ ಮಾಡುತ್ತದೆ. ಆದರೆ ಅದನ್ನು ಮಲದೊಳಗೆ ಚುಚ್ಚದೆ ಗುದದ ಗೋಡೆಗೆ ತಾಗುವಂತೆ ಇಡಬೇಕು. ಲ್ಯಾಕ್ಟುಲೋಸ್ ಸಿರಪ್‌ಗೆ ಒಂದೆರಡು ದಿನ ಬೇಕು. ರಾತ್ರಿ ಕುಡಿಸಿ ಬೆಳಿಗ್ಗೆಗೇ ಕಾದು ಬೇಸರಪಡುವಂತಿಲ್ಲ. ಇಸಬಗೋಲ್ ಮನೆಮಂದಿಗೆಲ್ಲ ಪರಿಚಿತವಾದರೂ ನೀರು ಕಡಿಮೆ ಕುಡಿಯುವವರಿಗೆ, ನುಂಗಲು ಕಷ್ಟಪಡುವವರಿಗೆ ಅಪಾಯ. ಅದು ಉಬ್ಬಿ ಅಲ್ಲೇ ಅಡ್ಡ ಕೂರಬಹುದು. ಹೊಟ್ಟೆ ಹೋದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವ ಮನೆಗಳಲ್ಲಿ ಮೂರು ದಿನ ದಾಟಿದ್ದು ಯಾರ ಕಣ್ಣಿಗೂ ತಪ್ಪುವುದಿಲ್ಲ.

ಊಟದ ವಿಷಯಕ್ಕೆ ಬಂದರೆ ಗಂಜಿಯೊಂದೇ ಸಾಲದು. ಹುಣ್ಣಿನ ಭಯವಿರುವವರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಂದರೆ ಈ ಅಜ್ಜಿಗೆ ಸುಮಾರು 62-75 ಗ್ರಾಂ. ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಎರಡು ಬಟ್ಟಲು ಗಟ್ಟಿ ಬೇಳೆಯಲ್ಲಿ ಸುಮಾರು 14 ಗ್ರಾಂ ಸಿಗುತ್ತದೆ. ಉಳಿದದ್ದನ್ನು ರಾಗಿ, ಅನ್ನ, ಕಡಲೆಬೀಜದ ಚಟ್ನಿ ತುಂಬುತ್ತವೆ. ಮೊಟ್ಟೆ ತಿನ್ನದ ಮನೆಯಲ್ಲಿ ಬೇಳೆ, ಪನೀರ್ ಹೆಚ್ಚಬೇಕು. ಮೂತ್ರಪಿಂಡದ ಕಾಯಿಲೆಯಿದ್ದರೆ ಈ ಲೆಕ್ಕವನ್ನು ಡಾಕ್ಟರೇ ಹೇಳಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ಬೇಕು. ಹಾಸಿಗೆ ಒದ್ದೆಯಾಗುವ ಭಯಕ್ಕೆ ನೀರು ತಗ್ಗಿಸಿದರೆ ಮಲ ಕಲ್ಲಾಗುತ್ತದೆ.

ತಿನ್ನಿಸುವಾಗ ಬೆನ್ನು ನೇರ ಮಾಡಿ, ಗದ್ದ ತುಸು ಕೆಳಗಿಟ್ಟು, ಬಾಯಿಯ ಸ್ವಾಧೀನವಿರುವ ಕಡೆಗೆ ಸಣ್ಣ ಚಮಚದಲ್ಲಿ ಕೊಡಬೇಕು. ಕೆಮ್ಮು ಬಂದರೆ, ದನಿ ನೀರು ತುಂಬಿದ ಹಾಗೆ ಗೊರಗೊರ ಎಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತಿಳಿಸಬೇಕು: ಊಟ ಶ್ವಾಸಕೋಶದ ಕಡೆ ಹೋಗುತ್ತಿರಬಹುದು. ಊಟವಾದ ಅರ್ಧ ಗಂಟೆಯವರೆಗೂ ಕೂತೇ ಇರಲಿ. ಆಮೇಲೆ ತಲೆಯ ಕಡೆಯನ್ನು 30 ಡಿಗ್ರಿಗೆ ಇಳಿಸಬೇಕು. ದಿಂಬುಗಳಿಗೆ ಒರಗಿ ದಿನವಿಡೀ ಅರೆಕೂತರೆ ಮೈ ಕೆಳಗೆ ಜಾರುತ್ತದೆ. ಮೂಳೆ ಜಾರಿದರೂ ಚರ್ಮ ಹಾಸಿಗೆಗೆ ಅಂಟಿಕೊಂಡಿದ್ದು ಒಳಗಿನ ರಕ್ತನಾಳಗಳು ಎಳೆದು ತಿರುಚುತ್ತವೆ.

ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ಪೂರ್ತಿ ಮಗ್ಗುಲಿಗೆ ಹೊರಳಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಗೆ ಬೀಳುತ್ತದೆ. ಬದಲಿಗೆ ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ಓರೆ ಮಾಡಿದರೆ ಭಾರ ಮಾಂಸವಿರುವ ಜಾಗದ ಮೇಲೆ ನಿಲ್ಲುತ್ತದೆ. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಉದ್ದಕ್ಕೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಕೊಟ್ಟು ಎಳೆಯದೆ, ಕೆಳಗೆ ಅಡ್ಡಲಾಗಿ ಮಡಿಸಿ ಹಾಸಿದ ದುಪ್ಪಟಿಯನ್ನು ಇಬ್ಬರು ಹಿಡಿದು ಎತ್ತಬೇಕು; ಸ್ವಾಧೀನ ತಪ್ಪಿದ ಭುಜ ಎಳೆತಕ್ಕೆ ಸುಲಭವಾಗಿ ಕೀಲು ತಪ್ಪುತ್ತದೆ. ಏರ್‌ಬೆಡ್ ಇದ್ದರೂ ಮಗ್ಗುಲು ತಪ್ಪಿಸುವಂತಿಲ್ಲ. ಗಾಳಿ ಸಾಕಷ್ಟಿದೆಯೇ ಎಂದು ತಿಳಿಯಲು ಸೊಂಟದ ಕೆಳಗೆ ಏರ್‌ಬೆಡ್ಡಿನ ಅಡಿಗೆ ಅಂಗೈ ತೂರಿಸಬೇಕು: ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು. ಅಂಗಡಿಯಲ್ಲಿ ಸಿಗುವ ನಡುವೆ ತೂತಿರುವ ದಿಂಬು ಒಳ್ಳೆಯದಲ್ಲ. ತೂತಿನ ಸುತ್ತಲ ಅಂಚು ರಕ್ತ ಹರಿಯದಂತೆ ಒತ್ತುತ್ತದೆ.

ದಿನಕ್ಕೆ ಎರಡು ಸಲವಾದರೂ ಬೆಳಕಿನಲ್ಲಿ ಚರ್ಮ ನೋಡಬೇಕು. ಕೆಂಪಾದ ಕಡೆ ಬೆರಳಿಂದ ಒತ್ತಿದಾಗ ಬಿಳಚಿಕೊಂಡು ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಬಿಳಚದಿದ್ದರೆ ಹುಣ್ಣಿನ ಮೊದಲ ಹಂತ. ಕಪ್ಪು, ಕಂದು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದಿರಬಹುದು. ಸುತ್ತಲಿಗಿಂತ ಕಡು ಬಣ್ಣ, ಬಿಸಿ, ಗಟ್ಟಿತನ ಅಥವಾ ಮೆತ್ತಗಾದ ಭಾಗವನ್ನು ಕೈಯಿಂದ ಮುಟ್ಟಿ ಕಂಡುಹಿಡಿಯಬೇಕು. ಅಂಥ ಜಾಗದ ಮೇಲೆ ಮಲಗಿಸಲೇಬಾರದು, ಎಣ್ಣೆ ಹಚ್ಚಿ ತಿಕ್ಕಲೂಬಾರದು. ಒಳಗೆ ನಲುಗಿದ ಪದರ ತಿಕ್ಕಿದರೆ ಹರಿಯುತ್ತದೆ.

ಹೊಟ್ಟೆ ಹೋದ ಕೂಡಲೇ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮನ್ನು ತೆಳ್ಳಗೆ ಸವರಬೇಕು. ಪ್ರತಿ ಸಲ ಆ ಕ್ರೀಮನ್ನು ಪೂರ್ತಿ ಕೆರೆದು ತೆಗೆಯಬೇಕಿಲ್ಲ. ಪೌಡರ್ ತೇವಕ್ಕೆ ಗಂಟುಕಟ್ಟಿ ಚರ್ಮ ಕೆರೆಯುತ್ತದೆ.

ಚರ್ಮ ಒಡೆದರೆ ಕುದಿಸಿ ಆರಿಸಿದ ಉಪ್ಪುನೀರು ಅಥವಾ ಸಲೈನ್‌ನಿಂದ ತೊಳೆದು, ನರ್ಸ್ ಹೇಳಿದ ಡ್ರೆಸ್ಸಿಂಗ್ ಹಾಕಬೇಕು. ಹುಣ್ಣು ಒಣಗಲೆಂದು ಗಾಳಿಗೆ ಬಿಡುವುದು, ಅರಿಶಿನ ತುಂಬುವುದು, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದು ಹೊಸ ಮಾಂಸವನ್ನು ಕೊಲ್ಲುತ್ತವೆ ಇಲ್ಲವೇ ತಡೆಯುತ್ತವೆ. ಹುಣ್ಣಿನ ತಳ ಕಪ್ಪಾದರೆ, ಕೆಟ್ಟ ವಾಸನೆ, ಕೀವು, ಜ್ವರ ಬಂದರೆ, ರೋಗಿ ಇದ್ದಕ್ಕಿದ್ದಂತೆ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.