ಬೇಲಿಯೋ, ವೇದಿಕೆಯೋ? ರಾಕ್ ಉತ್ಸವಗಳ ಆರಂಭದ ದಿನಗಳು

1969ರ ಜುಲೈ 15ರಂದು ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಊರಿನ ಆಡಳಿತವು ಸಂಗೀತ ಉತ್ಸವವೊಂದಕ್ಕೆ ಪರವಾನಗಿ ನಿರಾಕರಿಸಿತು. ಟಿಕೆಟ್ ಮಾರಾಟ ಆಗಲೇ ಜೋರಾಗಿ ನಡೆದಿತ್ತು, ಕಲಾವಿದರಿಗೆ ಮುಂಗಡ ಹೋಗಿತ್ತು. ಉತ್ಸವಕ್ಕೆ ಉಳಿದಿದ್ದು ಒಂದೇ ತಿಂಗಳು. ಬೆತೆಲ್ ಎಂಬ ಹಳ್ಳಿಯಲ್ಲಿ ಹೈನುಗಾರಿಕೆ ಮಾಡುತ್ತಿದ್ದ ಮ್ಯಾಕ್ಸ್ ಯಾಸ್ಗರ್ ತಮ್ಮ ಜಮೀನು ಬಾಡಿಗೆಗೆ ಕೊಡಲು ಒಪ್ಪದಿದ್ದರೆ ವುಡ್‌ಸ್ಟಾಕ್ ನಡೆಯುತ್ತಲೇ ಇರಲಿಲ್ಲ.

ಇಂಥ ಉತ್ಸವದ ಕನಸಿಗೆ ಆಗಿನ್ನೂ ಎರಡು ವರ್ಷದ ಪ್ರಾಯ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಮೂರು ದಿನ ನಡೆದ ಉತ್ಸವ ಅದಕ್ಕೆ ಮಾದರಿ ಹಾಕಿಕೊಟ್ಟಿತ್ತು. ಅಲ್ಲಿ ಹೆಚ್ಚುಕಡಿಮೆ ಎಲ್ಲ ಕಲಾವಿದರೂ ಸಂಭಾವನೆಯಿಲ್ಲದೆ ಹಾಡಿದರು. ಸಂಭಾವನೆ ಪಡೆದ ಪಂಡಿತ್ ರವಿಶಂಕರ್ ಒಂದಿಡೀ ಮಧ್ಯಾಹ್ನ ಸಿತಾರ್ ನುಡಿಸಿದರು. ಸಂಗೀತದ ನೆಪದಲ್ಲಿ ಅಪರಿಚಿತರು ಕೆಲವು ದಿನ ಒಟ್ಟಿಗೆ ಬದುಕುವುದು, ಇದ್ದುದನ್ನು ಹಂಚಿಕೊಳ್ಳುವುದು, ಪೊಲೀಸರ ಕಾವಲಿಲ್ಲದೆಯೂ ಶಾಂತಿ ಕಾಯುವುದು: ವಿಯೆಟ್ನಾಂ ಯುದ್ಧದಿಂದ ಬೇಸತ್ತಿದ್ದ ಯುವಜನರಿಗೆ ಈ ಆದರ್ಶ ಬಲವಾಗಿ ಹಿಡಿಸಿತು.

ಬೆತೆಲ್‌ನಲ್ಲಿ ಆ ಆದರ್ಶಕ್ಕೆ ಎದುರಾದದ್ದು ಕಂಬ, ಹಲಗೆ, ನೀರಿನ ಪೈಪುಗಳ ಪ್ರಶ್ನೆ. ಜಾಗ ಬದಲಾದ್ದರಿಂದ ಕೆಲಸಗಾರರಿಗೆ ಎಲ್ಲವನ್ನೂ ಮುಗಿಸುವಷ್ಟು ದಿನಗಳಿರಲಿಲ್ಲ. ಬೇಲಿ ಹಾಕಿ ಟಿಕೆಟ್ ಗೇಟು ಕಟ್ಟಬೇಕೋ, ವೇದಿಕೆ ಮುಗಿಸಬೇಕೋ ಎಂದು ಆಯ್ದುಕೊಳ್ಳಬೇಕಾಯಿತು. ವೇದಿಕೆಯಿಲ್ಲದ ಬಯಲಿನಲ್ಲಿ ಲಕ್ಷಾಂತರ ಜನ ಸುಮ್ಮನೆ ಕೂರಬೇಕಾದರೆ ಗಲಭೆ ಖಂಡಿತ ಎಂದು ಆಯೋಜಕ ಮೈಕಲ್ ಲ್ಯಾಂಗ್ ಮತ್ತು ಸಂಗಡಿಗರು ವೇದಿಕೆಯನ್ನೇ ಆರಿಸಿಕೊಂಡರು. ಉತ್ಸವ ಶುರುವಾಗುವ ಮೊದಲೇ ಜನ ಬಯಲು ತುಂಬಿದರು. ಕೊನೆಗೆ ಎಲ್ಲರಿಗೂ ಪ್ರವೇಶ ಉಚಿತವೆಂದು ಸಾರಲಾಯಿತು.

ಬಂದವರು ನಾಲ್ಕು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ. ರಸ್ತೆಗಳು ಕಟ್ಟಿಹೋಗಿ ಕಲಾವಿದರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ಮೊದಲು ಹಾಡಬೇಕಾದವರು ತಲುಪದ ಕಾರಣ ರಿಚೀ ಹೇವನ್ಸ್ ವೇದಿಕೆಗೆ ಬಂದರು. ಗೊತ್ತಿದ್ದ ಹಾಡುಗಳೆಲ್ಲ ಮುಗಿದ ಮೇಲೆ ಅಲ್ಲೇ ಒಂದನ್ನು ಕಟ್ಟಿ ಹಾಡಿದರು. ಆಹಾರ ಸಾಲದಾದಾಗ ಹಾಗ್ ಫಾರ್ಮ್ ಎಂಬ ಕಮ್ಯೂನಿನವರು ದಾಸೋಹದಂತೆ ಉಚಿತ ಅಡುಗೆಮನೆ ನಡೆಸಿದರು. ಸುತ್ತಲ ಊರಿನವರೂ ತಿನಿಸು ಕಳಿಸಿಕೊಟ್ಟರು. ಮಾದಕ ವಸ್ತು ಸೇವಿಸಿ ಭ್ರಮೆಗೊಳಗಾದವರನ್ನು ಡೇರೆಗೆ ಕರೆದೊಯ್ದು, ಪಕ್ಕದಲ್ಲಿ ಕುಳಿತು ಸಮಾಧಾನಪಡಿಸುವ ಕೆಲಸವನ್ನೂ ಹಾಗ್ ಫಾರ್ಮ್‌ನವರು ವಹಿಸಿಕೊಂಡರು. ಆದರೂ ಎಲ್ಲವೂ ಕ್ಷೇಮವಾಗಿರಲಿಲ್ಲ. ಬಯಲಿನಲ್ಲಿ ಮಲಗಿದ್ದ ಹದಿಹರೆಯದ ಹುಡುಗನೊಬ್ಬ ಟ್ರ್ಯಾಕ್ಟರ್ ಹರಿದು ಸತ್ತ. ಜನ ಮಲಗುವ ಜಾಗವನ್ನೂ ವಾಹನ ಓಡಾಡುವ ದಾರಿಯನ್ನೂ ಬೇರ್ಪಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ಆ ಸಾವು ತೋರಿಸಿತು.

ನಾಲ್ಕೇ ತಿಂಗಳಲ್ಲಿ, ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಾರ್ಯಕ್ರಮ ನಡೆಯಿತು. ಇಲ್ಲೂ ಜಾಗ ಕೊನೆಗಳಿಗೆಯಲ್ಲಿ ಬದಲಾಯಿತು. ಆದರೆ ಇಲ್ಲಿ ಸಿಕ್ಕಿದ್ದು ತಿಂಗಳಲ್ಲ, ಎರಡು ದಿನಕ್ಕಿಂತ ಕಡಿಮೆ ಸಮಯ.

ಆ ಕಾರ್ಯಕ್ರಮ ದುರಂತದಲ್ಲಿ ಕೊನೆಗೊಂಡಿತು. ಅದು ಅರ್ಥವಾಗಬೇಕಾದರೆ ಅಲ್ಲಿನ ವೇದಿಕೆಯನ್ನು ನೋಡಬೇಕು. ಮೊದಲು ಗೊತ್ತುಮಾಡಿದ್ದ ಸಿಯರ್ಸ್ ಪಾಯಿಂಟ್ ರೇಸ್ ಮೈದಾನದಲ್ಲಿ ವೇದಿಕೆ ದಿಬ್ಬದ ಮೇಲಿರುತ್ತಿತ್ತು, ಜನ ಕೆಳಗೆ ನಿಲ್ಲುತ್ತಿದ್ದರು. ಹಾಗಾಗಿ ನಾಲ್ಕಡಿಗೂ ಮೀರದ ವೇದಿಕೆಯೇ ಸಾಕು ಎಂಬ ಲೆಕ್ಕ. ಅದೇ ತಗ್ಗು ವೇದಿಕೆಯನ್ನು ಆಲ್ಟಮಾಂಟ್‌ಗೆ ತಂದು ಇಳಿಜಾರಿನ ಬುಡದಲ್ಲಿ ನಿಲ್ಲಿಸಿದರು. ಹಿಂದಿನವರು ಒಂದು ಹೆಜ್ಜೆ ಮುಂದಿಟ್ಟರೂ ಮುಂದಿನವರು ವೇದಿಕೆಗೆ ಒತ್ತಿಕೊಳ್ಳುತ್ತಿದ್ದರು. ವುಡ್‌ಸ್ಟಾಕ್‌ನಲ್ಲೂ ಜನ ಇಳಿಜಾರಿನಲ್ಲೇ ಇದ್ದರು. ಆದರೆ ಅಲ್ಲಿ ಆಳೆತ್ತರಕ್ಕೂ ಮೀರಿದ ವೇದಿಕೆಯಿತ್ತು, ಅದರ ಮುಂದೆ ಮರದ ತಡೆಗೋಡೆಯಿತ್ತು.

ಗಟ್ಟಿ ತಡೆಗೋಡೆಯಿಲ್ಲದ ಆಲ್ಟಮಾಂಟ್‌ನಲ್ಲಿ ಮನುಷ್ಯರನ್ನೇ ಗೋಡೆಯಾಗಿ ನಿಲ್ಲಿಸಲಾಯಿತು. ಹೆಲ್ಸ್ ಏಂಜಲ್ಸ್ ಎಂಬ ಬೈಕ್ ತಂಡದವರು ವೇದಿಕೆಯ ಸುತ್ತ ನಿಂತರು. ಅದಕ್ಕೆ ಪ್ರತಿಫಲ 500 ಡಾಲರ್ ಬೆಲೆಯ ಬಿಯರ್ ಎಂಬುದು ಪ್ರಸಿದ್ಧ ಮಾತು. ಕುಡಿದವರ ಕೈಯಲ್ಲಿ ಬಿಲಿಯರ್ಡ್ಸ್ ಕೋಲುಗಳಿದ್ದವು. ಜೆಫರ್ಸನ್ ಏರ್‌ಪ್ಲೇನ್ ತಂಡದ ಗಾಯಕ ಮಾರ್ಟಿ ಬಾಲಿನ್ ಹೊಡೆತ ತಿಂದು ಎಚ್ಚರ ತಪ್ಪಿದರು. ಸಂಜೆ ರೋಲಿಂಗ್ ಸ್ಟೋನ್ಸ್ ಹಾಡುತ್ತಿದ್ದಾಗಲೇ, ವೇದಿಕೆಯ ಸಮೀಪದಲ್ಲಿ, ಪಿಸ್ತೂಲು ಹೊರತೆಗೆದ 18ರ ಹರೆಯದ ಮೆರೆಡಿತ್ ಹಂಟರ್ ಚೂರಿ ಇರಿತಕ್ಕೆ ಬಲಿಯಾದ. ಅದೇ ಕಾರ್ಯಕ್ರಮದಲ್ಲಿ ಇನ್ನೂ ಮೂವರು ಸತ್ತರು: ಇಬ್ಬರು ಕಾರು ಹರಿದು, ಒಬ್ಬ ಕಾಲುವೆಯಲ್ಲಿ ಮುಳುಗಿ.

ವುಡ್‌ಸ್ಟಾಕ್‌ನ ಜನ ಒಳ್ಳೆಯವರು, ಆಲ್ಟಮಾಂಟ್‌ನ ಜನ ಕೆಟ್ಟವರು ಎಂದು ತೀರ್ಪು ಕೊಡುವುದು ತಪ್ಪು. ಎರಡೂ ಕಡೆ ಬಂದವರು ಅದೇ ಹಾಡುಗಳನ್ನು ಪ್ರೀತಿಸಿದ ಅದೇ ಪೀಳಿಗೆಯವರು. ಒಂದು ಕಡೆ ಎತ್ತರದ ವೇದಿಕೆ, ಅನ್ನ ಬಡಿಸುವ ಕೈಗಳು, ತಯಾರಿಗೆ ಒಂದು ತಿಂಗಳು ಇದ್ದವು. ಇನ್ನೊಂದು ಕಡೆ ಇವು ಯಾವುವೂ ಇರಲಿಲ್ಲ.

ಸರ್ಕಾರಗಳೂ ಸುಮ್ಮನಿರಲಿಲ್ಲ. 1970ರಲ್ಲಿ ಬ್ರಿಟನ್ನಿನ ಐಲ್ ಆಫ್ ವೈಟ್ ದ್ವೀಪದ ಉತ್ಸವಕ್ಕೆ ಲಕ್ಷಾಂತರ ಜನ ನುಗ್ಗಿದರು, ಬೇಲಿಗಳನ್ನು ಕೆಡವಿದರು. ಮರುವರ್ಷವೇ ಸಂಸತ್ತು ಕಾನೂನು ತಂದು, ಆ ದ್ವೀಪದಲ್ಲಿ 5,000ಕ್ಕಿಂತ ಹೆಚ್ಚು ಜನ ರಾತ್ರಿ ತಂಗುವ ಬಯಲು ಕಾರ್ಯಕ್ರಮಗಳಿಗೆ ಪರವಾನಗಿ ಕಡ್ಡಾಯಗೊಳಿಸಿತು. ಅಲ್ಲಿ ಆ ಉತ್ಸವ ಮತ್ತೆ ನಡೆದದ್ದು 2002ರಲ್ಲಿ.